ವೀರಯ್ಯನೂ ಈರಯ್ಯನೂ : ಗಿರಾಕಿ ಪಟ್ಟಿಗಳಲ್ಲಿ ಹೆಸರುಗಳ ಸಡಿಲ ಹೋಲಿಕೆ ಮತ್ತು ಕನ್ನಡ ಧ್ವನಿವಿಚಾರ

ಒಬ್ಬನೇ ಮನುಷ್ಯನ ಹೆಸರು ಒಂದು ಅಂಗಡಿಯ ಪಟ್ಟಿಯಲ್ಲಿ ಎರಡು ಮೂರು ಕಡೆ ಬೇರೆ ಬೇರೆ ಕಾಗುಣಿತದಲ್ಲಿ ದಾಖಲಾಗುವುದು ಸಾಮಾನ್ಯ ಸಂಗತಿ. ರಾಣೆಬೆನ್ನೂರಿನಲ್ಲಿ ಬೀಜ-ಗೊಬ್ಬರದ ಅಂಗಡಿಯೊಂದಿದೆ, ಅದಕ್ಕೆ ಹಾವೇರಿಯಲ್ಲಿಯೂ ಬ್ಯಾಡಗಿಯಲ್ಲಿಯೂ ಶಾಖೆಗಳಿವೆ ಎಂದು ಭಾವಿಸೋಣ. ಒಂದು ಕಡೆ ಹಳೆಯ ಖಾತೆ ಕಿರ್ದಿಯನ್ನು ನೋಡಿ ಕನ್ನಡದಲ್ಲಿ ಬೆರಳಚ್ಚು ಮಾಡಿರುತ್ತಾರೆ; ಇನ್ನೊಂದು ಕಡೆ ಗಿರಾಕಿಯ ಬಾಯಿಂದ ಕೇಳಿದ ಹೆಸರನ್ನು ರೋಮನ್ ಅಕ್ಷರಗಳಲ್ಲಿ ಬರೆದಿರುತ್ತಾರೆ. ಮೂರೂ ಪಟ್ಟಿಗಳನ್ನು ಕೂಡಿಸಿದಾಗ ಒಬ್ಬನ ಉದ್ರಿ ಬಾಕಿ ಮೂರು ಹೆಸರುಗಳಲ್ಲಿ ಹಂಚಿಹೋಗಿರುತ್ತದೆ. ಇದನ್ನು ಸರಿಪಡಿಸಲು ಬರೆಯುವ ಕಿರು ಪ್ರೋಗ್ರಾಮನ್ನು ಗಣಕದವರು ಸ್ಕ್ರಿಪ್ಟ್ ಎನ್ನುತ್ತಾರೆ. ಅಕ್ಷರಶಃ ಒಂದೇ ಆಗಿರದ, ಆದರೆ ಹತ್ತಿರವಾಗಿರುವ ಬರಹಗಳನ್ನು ಅಳೆದು ಗುರುತಿಸುವ ಅದರ ವಿಧಾನಕ್ಕೆ ಫಜಿ ಹೋಲಿಕೆ ಎಂದು ಹೆಸರು. ಪ್ರಸ್ತುತ ಲೇಖನದಲ್ಲಿ ಅದನ್ನು 'ಸಡಿಲ ಹೋಲಿಕೆ' ಎಂದು ಕರೆದಿದೆ.

ಸಿದ್ಧವಾಗಿ ದೊರೆಯುವ ಸಡಿಲ ಹೋಲಿಕೆಯ ಸಾಧನಗಳು ಕನ್ನಡದ ಹೆಸರುಗಳ ಮುಂದೆ ಯಾವ ರೀತಿ ಎಡವುತ್ತವೆ, ಅವುಗಳನ್ನು ತಿದ್ದಲು ಬೇಕಾದ ತಿಳಿವಳಿಕೆ ಎಲ್ಲಿದೆ ಎಂಬುದು ಇಲ್ಲಿಯ ವಿಷಯ. ಆ ತಿಳಿವಳಿಕೆಯ ಬಹುಪಾಲು ಗಣಕಶಾಸ್ತ್ರದಲ್ಲಿಲ್ಲ. ಕನ್ನಡ ವ್ಯಾಕರಣದಲ್ಲಿಯೂ ಉಪಭಾಷೆಗಳ ಅಧ್ಯಯನದಲ್ಲಿಯೂ ಇದೆ. ಮುಂದೆ ಬರುವ ದಾಖಲೆಗಳೆಲ್ಲ ವಿವರಣೆಗಾಗಿ ಕಲ್ಪಿಸಿದವು. ಆದರೆ ಅವುಗಳಲ್ಲಿನ ಕಾಗುಣಿತ ಭೇದಗಳು ಈ ಸೀಮೆಯಲ್ಲಿ ನಿತ್ಯ ಕಾಣುವಂಥವು.

ಸಡಿಲ ಹೋಲಿಕೆಯ ಮೂಲ ಅಳತೆಗೋಲನ್ನು ರಷ್ಯದ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಸ್ಟೈನ್ 1965ರಲ್ಲಿ ನಿರೂಪಿಸಿದನು. ಒಂದು ಪದವನ್ನು ಇನ್ನೊಂದಾಗಿ ಮಾರ್ಪಡಿಸಲು ಕನಿಷ್ಠ ಎಷ್ಟು ಅಕ್ಷರಗಳನ್ನು ಸೇರಿಸಬೇಕು, ತೆಗೆಯಬೇಕು ಅಥವಾ ಬದಲಿಸಬೇಕು ಎಂಬ ಎಣಿಕೆಯೇ ಆ ಎರಡು ಪದಗಳ ನಡುವಿನ ಅಂತರ. ಈ ಅಂತರವನ್ನು ಉದ್ದವಾದ ಪದದ ಅಕ್ಷರಸಂಖ್ಯೆಯಿಂದ ಭಾಗಿಸಿ, ಬಂದುದನ್ನು ಒಂದರಿಂದ ಕಳೆದರೆ ಹೋಲಿಕೆಯ ಪ್ರಮಾಣ ದೊರೆಯುತ್ತದೆ. ನೋಡಲು ಸರಳವಾದ ಈ ಲೆಕ್ಕ ಕನ್ನಡದಲ್ಲಿ ಮೊದಲ ಹೆಜ್ಜೆಯಲ್ಲಿಯೇ ತೊಡಕಿಗೆ ಸಿಲುಕುತ್ತದೆ. 'ಅಕ್ಷರ' ಎಂದರೆ ಯಾವುದು ಎಂಬುದೇ ಆ ತೊಡಕು. ನಾವು ಅಕ್ಷರವೆನ್ನುವುದು ಗಣಕಕ್ಕೆ ಅಕ್ಷರವಲ್ಲ. ಯೂನಿಕೋಡ್ ವ್ಯವಸ್ಥೆಯಲ್ಲಿ ವ್ಯಂಜನಕ್ಕೊಂದು, ಸ್ವರಚಿಹ್ನೆಗೊಂದು, ವಿರಾಮಕ್ಕೆ, ಅಂದರೆ ಅರ್ಧಾಕ್ಷರದ ಚಿಹ್ನೆಗೆ ಮತ್ತೊಂದು ಸಂಕೇತವಿದೆ. 'ವೀರಯ್ಯ' ಎಂಬುದು ನಮ್ಮ ಎಣಿಕೆಯಲ್ಲಿ ಮೂರು ಅಕ್ಷರ; ಗಣಕದ ಎಣಿಕೆಯಲ್ಲಿ ವ, ೀ, ರ, ಯ, ್, ಯ ಎಂಬ ಆರು ಸಂಕೇತ.

ಈಗ ಮೂರು ಜೋಡಿಗಳನ್ನು ಅಳೆದು ನೋಡಬಹುದು. ಹಾವೇರಿ-ಧಾರವಾಡದ ಆಡುನುಡಿಯಲ್ಲಿ ಪದಾದಿಯ 'ವೀ' ಎಂಬುದರ ವಕಾರ ಬಿದ್ದುಹೋಗಿ ವೀರಯ್ಯ ಈರಯ್ಯನಾಗುತ್ತಾನೆ, ವೀರಭದ್ರ ಈರಭದ್ರನಾಗುತ್ತಾನೆ. ಗಣಕದ ಎಣಿಕೆಯಲ್ಲಿ ವೀರಯ್ಯ-ಈರಯ್ಯ ಜೋಡಿಗೆ ಎರಡು ತಿದ್ದುಪಡಿ ಬೇಕು: ವಕಾರವನ್ನು ತೆಗೆಯಬೇಕು, ಸ್ವರಚಿಹ್ನೆಯನ್ನು ಪೂರ್ಣಸ್ವರವಾಗಿ ಬದಲಿಸಬೇಕು. ಆರರಲ್ಲಿ ಎರಡು ಭೇದ, ಹೋಲಿಕೆ 0.67. ಎರಡನೆಯ ಜೋಡಿ ಕಲ್ಲಪ್ಪ-ಮಲ್ಲಪ್ಪ. ಇವರು ನಿಸ್ಸಂದೇಹವಾಗಿ ಬೇರೆ ಬೇರೆ ಜನ. ಆದರೆ ಏಳು ಸಂಕೇತಗಳಲ್ಲಿ ಭೇದ ಒಂದೇ ಆದುದರಿಂದ ಹೋಲಿಕೆ 0.86. ಮೂರನೆಯದು ಯಲ್ಲಪ್ಪ-ಯಲ್ಲವ್ವ. ಒಂದು ಗಂಡಸಿನ ಹೆಸರು, ಇನ್ನೊಂದು ಹೆಂಗಸಿನ ಹೆಸರು; ಆದರೂ ಏಳರಲ್ಲಿ ಎರಡೇ ಭೇದವಾದುದರಿಂದ ಹೋಲಿಕೆ 0.71. ಅಂದರೆ ಈ ಅಳತೆಗೋಲಿನ ಪ್ರಕಾರ ವೀರಯ್ಯನು ಈರಯ್ಯನಿಗೆ ಎಷ್ಟು ಹತ್ತಿರವೋ ಅದಕ್ಕಿಂತ ಯಲ್ಲಪ್ಪನು ಯಲ್ಲವ್ವಳಿಗೆ ಹೆಚ್ಚು ಹತ್ತಿರ. ಇಂಥ ಸಂದರ್ಭದಲ್ಲಿ ಗಡಿಯನ್ನು ಮೇಲೆ ಕೆಳಗೆ ಸರಿಸುವುದರಿಂದ ಪ್ರಯೋಜನವಾಗದು. ಮೊದಲ ಜೋಡಿಯನ್ನು ಒಳಗೊಳ್ಳುವಷ್ಟು ಗಡಿಯನ್ನು ಇಳಿಸಿದರೆ ಉಳಿದೆರಡೂ ಒಳಗೆ ಬಂದುಬಿಡುತ್ತವೆ.

ರೋಮನ್ ಬರಹಕ್ಕೆ ಹೋದರೆ ಪರಿಸ್ಥಿತಿ ಇನ್ನೂ ವಿಚಿತ್ರ. ಉಚ್ಚಾರಣೆಯನ್ನು ಆಧರಿಸಿ ಹೆಸರುಗಳನ್ನು ಗುಂಪು ಮಾಡಲು ಅಮೆರಿಕದ ರಾಬರ್ಟ್ ರಸೆಲ್ 1918ರಲ್ಲಿ ಪೇಟೆಂಟ್ ಪಡೆದ ಸೌಂಡೆಕ್ಸ್ ಎಂಬ ಪದ್ಧತಿ ಇಂದಿಗೂ ಅನೇಕ ದತ್ತಾಂಶ ತಂತ್ರಾಂಶಗಳಲ್ಲಿದೆ. ಮೊದಲ ಅಕ್ಷರವನ್ನು ಹಾಗೆಯೇ ಇಟ್ಟುಕೊಂಡು, ಸ್ವರಗಳನ್ನು ಬಿಟ್ಟು, ವ್ಯಂಜನಗಳನ್ನು ವರ್ಗಸಂಖ್ಯೆಗಳಾಗಿ ಬದಲಿಸುವುದು ಅದರ ಕ್ರಮ. `Veerayya` ಎಂಬುದಕ್ಕೆ `V600`, `Eerayya` ಎಂಬುದಕ್ಕೆ `E600`, `Irayya` ಎಂಬುದಕ್ಕೆ `I600` ಸಂಕೇತ ಬರುತ್ತದೆ. ಒಬ್ಬನೇ ಮನುಷ್ಯ ಮೂರು ಗುಂಪುಗಳಿಗೆ ಸೇರುತ್ತಾನೆ. ಇದಕ್ಕೆ ಪ್ರತಿಯಾಗಿ `Basappa`, `Basavva` ಎರಡಕ್ಕೂ `B210` ಎಂಬ ಒಂದೇ ಸಂಕೇತ. ಏಕೆಂದರೆ ಇಂಗ್ಲಿಷಿನ ಕಿವಿಗೆ ಪಕಾರ ವಕಾರಗಳು ಒಂದೇ ವರ್ಗದವು. ಕನ್ನಡದಲ್ಲಿ ಸ್ತ್ರೀಪುರುಷ ಭೇದವನ್ನು ತಿಳಿಸುವ ಒಂದೇ ಒಂದು ಅಂಶವನ್ನು ಈ ಪದ್ಧತಿ ಅಳಿಸಿಹಾಕುತ್ತದೆ, ಕನ್ನಡದಲ್ಲಿ ಅಳಿಯಬಹುದಾದ ಪದಾದಿಯ ಭೇದವನ್ನು ಭದ್ರವಾಗಿ ಕಾಯ್ದುಕೊಳ್ಳುತ್ತದೆ. ಸೌಂಡೆಕ್ಸ್ ತಪ್ಪಾದ ಪದ್ಧತಿಯೆಂದು ಇದರ ಅರ್ಥವಲ್ಲ. ಅದು ಬೇರೊಂದು ಭಾಷೆಯ ಧ್ವನಿವ್ಯವಸ್ಥೆಯನ್ನು ಆಧರಿಸಿದೆ, ಅಷ್ಟೆ.

ಹೀಗಾಗಿ ಅಳೆಯುವುದಕ್ಕಿಂತ ಮೊದಲು ಹೆಸರುಗಳನ್ನು ಒಂದು ಸಮಾನ ರೂಪಕ್ಕೆ ತರಬೇಕಾಗುತ್ತದೆ. ಇಲ್ಲಿ ಎರಡು ಹಂತಗಳಿವೆ. ಮೊದಲನೆಯದು ಕೇವಲ ಯಾಂತ್ರಿಕ. ದೀರ್ಘ 'ೀ' ಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಹ್ರಸ್ವ ಚಿಹ್ನೆ ಮತ್ತು ದೀರ್ಘದ ಬಾಲ ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ, ಹೋಲಿಸುವಾಗ ಬೇರೆಯಾಗುತ್ತವೆ. ಒತ್ತಕ್ಷರವಾಗದಂತೆ ತಡೆಯಲು ಬಳಸುವ, ಕಣ್ಣಿಗೆ ಕಾಣದ ಸಂಕೇತಗಳೂ ಹೀಗೆಯೇ ಕಾಡುತ್ತವೆ. ಹಳೆಯ ನುಡಿ ಅಥವಾ ಬರಹ ಫಾಂಟುಗಳಲ್ಲಿ ಬೆರಳಚ್ಚಾದ ಪಟ್ಟಿಗಳಿದ್ದರೆ ಅವುಗಳನ್ನು ಮೊದಲೇ ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಅಂಥ ಕಡತಗಳಲ್ಲಿ ಉಳಿದಿರುವುದು ಅಕ್ಷರಗಳ ತುಂಡುರೂಪಗಳೇ ಹೊರತು ವರ್ಣಗಳಲ್ಲವಾದ್ದರಿಂದ ಅಂತರದ ಲೆಕ್ಕಕ್ಕೆ ಅರ್ಥವೇ ಇರುವುದಿಲ್ಲ.

ಎರಡನೆಯ ಹಂತ ವೈಯಾಕರಣರ ಕ್ಷೇತ್ರಕ್ಕೆ ಸೇರಿದ್ದು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣದಲ್ಲಿ ಸಂಸ್ಕೃತ ಪದಗಳು ತದ್ಭವಗಳಾಗುವ ಕ್ರಮವನ್ನು ಹೇಳುವಾಗ ಶಕಾರ ಷಕಾರಗಳು ಸಕಾರವಾಗುವುದನ್ನೂ ಮಹಾಪ್ರಾಣಗಳು ಅಲ್ಪಪ್ರಾಣಗಳಾಗುವುದನ್ನೂ ನಿರೂಪಿಸಿದ್ದಾನೆ. ಶಂಕರಪ್ಪನನ್ನು ಸಂಕರಪ್ಪನೆಂದೂ ಭೀಮಪ್ಪನನ್ನು ಬೀಮಪ್ಪನೆಂದೂ ಹಿರೇಮಠವನ್ನು ಹಿರೇಮಟವೆಂದೂ ಬರೆಯುವ ಅಂಗಡಿಯ ಗುಮಾಸ್ತನು ತನಗರಿವಿಲ್ಲದೆ ಅದೇ ಜಾಡಿನಲ್ಲಿ ನಡೆಯುತ್ತಿರುತ್ತಾನೆ. ಕೇಶಿರಾಜನ ಉದ್ದೇಶ ಬೇರೆ, ನಮ್ಮದು ಬೇರೆ. ಆದರೂ ಕೀಲಿ ತಯಾರಿಸಲು ಆ ಪಟ್ಟಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಇದಕ್ಕೆ ಪ್ರಾದೇಶಿಕವಾದ ಕೆಲವು ನಿಯಮಗಳನ್ನು ಸೇರಿಸಿಕೊಳ್ಳಬೇಕು. ಪದಾದಿಯ ಎಕಾರ ಮತ್ತು 'ಯೆ', 'ಯ'ಗಳು ಪರಸ್ಪರ ಬದಲಾಗುತ್ತವೆ (ಎಲ್ಲಪ್ಪ, ಯಲ್ಲಪ್ಪ). ಮನೆ ಎಂಬುದು ಮನಿಯಾಗುವಂತೆ ಪದಾಂತ್ಯದ ಎಕಾರ ಇಕಾರವಾಗುತ್ತದೆ. ಪದಾಂತ್ಯದ ಉಕಾರ ಇಲ್ಲಿ ಉಳಿಯದೆ ಬಸವರಾಜು ಬಸವರಾಜನಾಗುತ್ತಾನೆ, ಕಚೇರಿಯ ಕಾಗದದಲ್ಲಿ ಬಸವರಾಜ್ ಆಗುತ್ತಾನೆ. ಮನೆಯಲ್ಲಿ ಯಲ್ಲವ್ವ ಎನಿಸಿಕೊಂಡವಳು ಅರ್ಜಿಯಲ್ಲಿ ಯಲ್ಲಮ್ಮ ಎಂದು ಬರೆಸುತ್ತಾಳೆ. ಇವಿಷ್ಟನ್ನು ಪೈಥಾನ್ ಭಾಷೆಯಲ್ಲಿ ಹೀಗೆ ಬರೆಯಬಹುದು:

```python
import re, unicodedata

PRANA = str.maketrans("ಶಷಖಘಛಝಠಢಥಧಫಭ",
                      "ಸಸಕಗಚಜಟಡತದಪಬ")

def key(w):
    w = unicodedata.normalize("NFC", w.strip())
    w = re.sub("[\u200c\u200d]", "", w)
    w = w.translate(PRANA)
    w = re.sub("^ವೀ", "ಈ", w)
    w = re.sub("^(ಎ|ಯೆ)", "ಯ", w)
    w = re.sub("ವ್ವ$", "ಮ್ಮ", w)
    w = re.sub("\u0cc6$", "\u0cbf", w)
    return re.sub("[\u0cc1\u0ccd]$", "", w)
```

ಹೆಸರಿನ ಒಂದೊಂದು ಪದವನ್ನೂ ಪ್ರತ್ಯೇಕವಾಗಿ ಇದಕ್ಕೆ ಕೊಡಬೇಕು. ಹೀಗೆ ಬರುವ ಕೀಲಿ ಹೋಲಿಕೆಗೆ ಮಾತ್ರ. ಪಾವತಿಯ ಮೇಲೆ ಮುದ್ರಿಸಲು ಅಲ್ಲ. ವೀಣಾ 'ಈಣಾ' ಆದರೂ ಅದು ಯಾರ ಕಣ್ಣಿಗೂ ಬೀಳುವುದಿಲ್ಲವಾದ್ದರಿಂದ ಬಾಧಕವಿಲ್ಲ.

ಯಾವ ಧ್ವನಿವ್ಯತ್ಯಾಸಗಳನ್ನು ಇಲ್ಲಿ ಸೇರಿಸಬಾರದು ಎಂಬುದೂ ಅಷ್ಟೇ ಮುಖ್ಯ. ಪಕಾರ ಹಕಾರವಾದುದು ಕನ್ನಡದ ಚರಿತ್ರೆಯಲ್ಲಿ ಬಲು ದೊಡ್ಡ ಬದಲಾವಣೆ. ಆದರೆ ಅದು ನಡೆದು ಮುಗಿದ ಸಂಗತಿ. ಇಂದಿನ ಗುಮಾಸ್ತನು ಒಂದು ದಿನ 'ಹಾವೇರಿ' ಎಂದೂ ಮರುದಿನ 'ಪಾವೇರಿ' ಎಂದೂ ಬರೆಯುವುದಿಲ್ಲ. ಚಾರಿತ್ರಿಕ ಬದಲಾವಣೆಗಳನ್ನೆಲ್ಲ ಕೀಲಿಯೊಳಗೆ ತುರುಕಿದರೆ ಪಾಂಡಿತ್ಯ ಕಂಡೀತು, ಖಾತೆಗಳು ಮಾತ್ರ ಕಲಸಿಹೋಗುತ್ತವೆ. ಬರೆಯುವವನ ನಾಲಗೆಯಲ್ಲಿ ಈಗ ಪರ್ಯಾಯವಾಗಿ ಬರುತ್ತಿರುವ ರೂಪಗಳಷ್ಟೇ ಇಲ್ಲಿಗೆ ಪ್ರಸ್ತುತ. ಹಾಗೆಯೇ ಲಕಾರ ಳಕಾರಗಳ, ನಕಾರ ಣಕಾರಗಳ ಭೇದವನ್ನು ಕನ್ನಡದಲ್ಲಿ ಬರೆದ ಪಟ್ಟಿಗಳಲ್ಲಿ ಉಳಿಸಿಕೊಳ್ಳಬೇಕು. ರೋಮನ್ ಬರಹದಿಂದ ಬಂದ ಪಟ್ಟಿಯಲ್ಲಾದರೋ ಆ ಭೇದ ಮೊದಲೇ ನಷ್ಟವಾಗಿರುವುದರಿಂದ ಅಲ್ಲಿ ಅದನ್ನು ಬಿಟ್ಟುಕೊಡುವುದು ಅನಿವಾರ್ಯ.

ಕೀಲಿಗಳು ಒಂದೇ ಆಗದೆ ಉಳಿದ ಜೋಡಿಗಳಿಗೆ ಮಾತ್ರ ಅಂತರದ ಲೆಕ್ಕ. ಆದರೆ ಎಲ್ಲ ತಿದ್ದುಪಡಿಗೂ ಒಂದೇ ಬೆಲೆ ಸಲ್ಲದು. ವ್ಯಂಜನ ಬದಲಾದರೆ 1, ಸ್ವರಚಿಹ್ನೆಯೋ ವಿರಾಮಚಿಹ್ನೆಯೋ ಬದಲಾದರೆ ಅಥವಾ ಸೇರಿದರೆ 0.3 ಎಂದು ಇಟ್ಟುಕೊಳ್ಳೋಣ. ಬ್ಯಾಡಗಿ, ಬ್ಯಾಡಿಗಿ, ಬ್ಯಾಡ್ಗಿ ಎಂಬ ಮೂರು ರೂಪಗಳಲ್ಲಿ ಯಾವ ಎರಡನ್ನು ಹೋಲಿಸಿದರೂ ಅಂತರ 0.3. 'ಬ್ಯಾಡಿಗೆ' ಎಂಬುದು ಕೀಲಿಯಲ್ಲಿಯೇ 'ಬ್ಯಾಡಿಗಿ' ಆಗುತ್ತದೆ. (ಈ ಊರಿನ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಾಗ ರೋಮನ್ ಲಿಪಿಯಲ್ಲಿ `Byadagi` ಎಂದು ದಾಖಲಾಯಿತು, ತಾಲ್ಲೂಕಿನ ಹೆಸರನ್ನು `Byadgi` ಎಂದು ಬರೆಯುವುದು ರೂಢಿ. ಸರ್ಕಾರಿ ಬರಹದಲ್ಲಿಯೇ ಈ ಸ್ಥಿತಿ ಇರುವಾಗ ಅಂಗಡಿಯ ಗುಮಾಸ್ತನನ್ನು ದೂರಿ ಫಲವಿಲ್ಲ.) ಕಲ್ಲಪ್ಪ-ಮಲ್ಲಪ್ಪರ ಅಂತರ 1. ಒಂದು ಪದಕ್ಕೆ 0.6ರೊಳಗಿನ ಅಂತರವನ್ನು ಒಪ್ಪಬಹುದೆಂದು ನಿಶ್ಚಯಿಸಿದರೆ ಬ್ಯಾಡಗಿಯ ರೂಪಗಳೆಲ್ಲ ಕೂಡುತ್ತವೆ, ಕಲ್ಲಪ್ಪ ಮಲ್ಲಪ್ಪರು ಬೇರೆಯಾಗಿ ಉಳಿಯುತ್ತಾರೆ.

ಇಲ್ಲಿಯೂ ಒಂದು ಅಪವಾದ ತಲೆದೋರುತ್ತದೆ. ಚನ್ನಪ್ಪ-ಚೆನ್ನಪ್ಪ ಒಂದೇ ಹೆಸರು. ಚನ್ನಪ್ಪ-ಚಿನ್ನಪ್ಪ ಎರಡು ಹೆಸರುಗಳು. ಎರಡು ಜೋಡಿಗಳಿಗೂ ಅಂತರ 0.3. ಬ್ಯಾಡಗಿಯಲ್ಲಿ ಅಕಾರ ಇಕಾರಗಳ ಭೇದವನ್ನು ಅಲಕ್ಷಿಸಿದ ನಾವು ಚನ್ನಪ್ಪನಲ್ಲಿ ಅದನ್ನು ಲಕ್ಷಿಸಬೇಕಾಗಿದೆ. ಇದಕ್ಕೆ ಕಾರಣ ಸ್ಥಾನದಲ್ಲಿದೆ. ಕನ್ನಡದ ಆಡುಮಾತಿನಲ್ಲಿ ಪದಮಧ್ಯದ ಹ್ರಸ್ವಸ್ವರ ದುರ್ಬಲವಾದುದು. ಅದು ಬದಲಾಗುತ್ತದೆ, ಕೆಲವೊಮ್ಮೆ ಪೂರ್ತಿ ಬಿದ್ದುಹೋಗುತ್ತದೆ. ಪದದ ಮೊದಲ ಅಕ್ಷರದ ಸ್ವರವಾದರೋ ಸಾಮಾನ್ಯವಾಗಿ ಗಟ್ಟಿಯಾಗಿ ನಿಲ್ಲುತ್ತದೆ. ಆದುದರಿಂದ ಮೊದಲ ಅಕ್ಷರದಲ್ಲಿ ಹ್ರಸ್ವದೀರ್ಘ ಭೇದವನ್ನೂ ಅಕಾರ-ಎಕಾರ ಭೇದವನ್ನೂ ಬಿಟ್ಟು ಉಳಿದ ಸ್ವರಭೇದಗಳಿಗೆ ವ್ಯಂಜನದಷ್ಟೇ, ಅಂದರೆ 1ರ ಬೆಲೆ ಕೊಡಬೇಕು. ಈ ಅಂಕಿಗಳಾವುವೂ ಶಾಸ್ತ್ರವಾಕ್ಯಗಳಲ್ಲ. ಆ ಊರಿನವರು ಕುಳಿತು 'ಒಂದೇ', 'ಬೇರೆ' ಎಂದು ಗುರುತು ಹಾಕಿಕೊಟ್ಟ ಇನ್ನೂರು ಮುನ್ನೂರು ಜೋಡಿಗಳನ್ನು ಮುಂದಿಟ್ಟುಕೊಂಡು, ತಪ್ಪಾಗಿ ಕೂಡಿದವೆಷ್ಟು, ಕೂಡದೆ ತಪ್ಪಿಸಿಕೊಂಡವೆಷ್ಟು ಎಂದು ಎಣಿಸಿ ಅವುಗಳನ್ನು ತಿದ್ದಿಕೊಳ್ಳಬೇಕು.

ಪಟ್ಟಿ ದೊಡ್ಡದಾದಾಗ ಪ್ರತಿಯೊಂದನ್ನೂ ಪ್ರತಿಯೊಂದರೊಡನೆ ಹೋಲಿಸುವುದು ದುಬಾರಿ. 6,000 ದಾಖಲೆಗಳಿದ್ದರೆ ಜೋಡಿಗಳ ಸಂಖ್ಯೆ 1,79,97,000. ಆದ್ದರಿಂದ ಪಟ್ಟಿಯನ್ನು ಮೊದಲು ಗುಂಪುಗಳಾಗಿ ಒಡೆದು ಗುಂಪಿನೊಳಗಷ್ಟೇ ಹೋಲಿಸುತ್ತಾರೆ. ಮೂಲರೂಪದ ಮೊದಲ ಅಕ್ಷರದಿಂದ ಗುಂಪು ಮಾಡಿದರೆ ವೀರಯ್ಯ ಈರಯ್ಯರು ಮುಖಾಮುಖಿಯಾಗುವುದೇ ಇಲ್ಲ. ಕೀಲಿಯ ಮೊದಲ ಅಕ್ಷರದಿಂದಲೇ ಮಾಡಬೇಕು. ಜಿಲ್ಲೆಯಿಂದ ಗುಂಪು ಮಾಡುವುದೂ ಅಪಾಯಕರ. ಹಾವೇರಿ ಜಿಲ್ಲೆ ಧಾರವಾಡದಿಂದ ಬೇರ್ಪಟ್ಟುದು 1997ರಲ್ಲಿ. ಅದಕ್ಕೆ ಹಿಂದಿನ ವಿಳಾಸಗಳಲ್ಲಿ 'ಜಿ. ಧಾರವಾಡ' ಎಂದಿರುವುದು ಸಹಜ.

ಇಷ್ಟರ ಮೇಲೆ, ಕಾಗುಣಿತವನ್ನು ಎಷ್ಟು ಸರಿಪಡಿಸಿದರೂ ಬಗೆಹರಿಯದ, ನನ್ನ ದೃಷ್ಟಿಯಲ್ಲಿ ಅತ್ಯಂತ ಗಂಭೀರವಾದ ಸಮಸ್ಯೆಯೊಂದಿದೆ. ನಾಲ್ಕು ದಾಖಲೆಗಳನ್ನು ಗಮನಿಸಿ:

ಅ) ಬಸಯ್ಯ ಈರಯ್ಯ ಹಿರೇಮಠ, ಬ್ಯಾಡಗಿ, ಜಿ. ಧಾರವಾಡ. ಖಾತೆ ತೆರೆದುದು 1991. ಫೋನ್ ಇಲ್ಲ.
ಆ) ವೀರಯ್ಯ ಬಸಯ್ಯ ಹಿರೇಮಠ, ಬ್ಯಾಡಗಿ, ಜಿ. ಧಾರವಾಡ. 1996. ಫೋನ್ ಇಲ್ಲ.
ಇ) ಈರಯ್ಯ ಬಸಯ್ಯ ಹಿರೇಮಟ, ಬ್ಯಾಡಿಗಿ, ಜಿ. ಹಾವೇರಿ. 2004. ಫೋನ್ ಇದೆ.
ಈ) ಬಸಯ್ಯ ವೀರಯ್ಯ ಹಿರೇಮಠ, ಬ್ಯಾಡಗಿ, ಜಿ. ಹಾವೇರಿ. 2021. ಫೋನ್ ಇದೆ, 'ಇ'ಯಲ್ಲಿರುವ ಸಂಖ್ಯೆಯೇ.

ಸಡಿಲ ಹೋಲಿಕೆಯ ಗ್ರಂಥಾಲಯಗಳಲ್ಲಿ ಬಹಳ ಜನಪ್ರಿಯವಾದ ಒಂದು ಸೌಲಭ್ಯವಿದೆ. ಹೆಸರಿನ ಪದಗಳನ್ನು ಅಕಾರಾದಿಯಾಗಿ ಜೋಡಿಸಿಕೊಂಡು ಆಮೇಲೆ ಹೋಲಿಸುವುದು ಅದರ ಕ್ರಮ. ಮನೆತನದ ಹೆಸರನ್ನು ಕೆಲವರು ಮೊದಲು, ಕೆಲವರು ಕೊನೆಗೆ ಬರೆಯುವುದರಿಂದ ಇದು ಹಲವೆಡೆ ಅನುಕೂಲವೇ. ನಮ್ಮ ಕೀಲಿಯ ಮೇಲೆ ಇದನ್ನು ಪ್ರಯೋಗಿಸಿದರೆ ನಾಲ್ಕೂ ದಾಖಲೆಗಳಲ್ಲಿ ಈರಯ್ಯ, ಬಸಯ್ಯ, ಹಿರೇಮಟ ಎಂಬ ಅವೇ ಮೂರು ಪದಗಳು ಉಳಿಯುತ್ತವೆ. ಹೋಲಿಕೆ ನೂರಕ್ಕೆ ನೂರು, ನಾಲ್ಕೂ ಒಂದಾಗುತ್ತವೆ.

ಆದರೆ ಈ ಸೀಮೆಯಲ್ಲಿ ಸ್ವಂತ ಹೆಸರಿನ ಮುಂದೆ ತಂದೆಯ ಹೆಸರು, ಆಮೇಲೆ ಮನೆತನದ ಹೆಸರು ಬರುತ್ತದೆ. ಅಲ್ಲದೆ ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ಪದ್ಧತಿ ಇದೆ. ಬಸಯ್ಯನ ಮಗ ಈರಯ್ಯ. ಅವನು 'ಈರಯ್ಯ ಬಸಯ್ಯ'. ಅವನ ಮಗನಿಗೆ ಅಜ್ಜನ ಹೆಸರು. ಅವನು 'ಬಸಯ್ಯ ಈರಯ್ಯ'. ಮುತ್ತಜ್ಜನ ಹೆಸರೂ ಈರಯ್ಯನೇ ಆಗಿದ್ದುದರಿಂದ ಅಜ್ಜನೂ 'ಬಸಯ್ಯ ಈರಯ್ಯ'ನೇ. ಹೀಗೆ ಪದಗಳ ಸ್ಥಾನಪಲ್ಲಟವು ತಂದೆ ಮಕ್ಕಳನ್ನು ಬೇರ್ಪಡಿಸುವ ಗುರುತು. ಪದಗಳನ್ನು ಅಕಾರಾದಿಯಾಗಿ ಜೋಡಿಸುವ ಸೌಲಭ್ಯ ಆ ಗುರುತನ್ನೇ ಅಳಿಸುತ್ತದೆ. ಅಜ್ಜ ಮೊಮ್ಮಕ್ಕಳ ವಿಷಯದಲ್ಲಾದರೋ ಅಳಿಸಲು ಗುರುತೇ ಇಲ್ಲ. ಹೆಸರು, ತಂದೆಯ ಹೆಸರು, ಮನೆ, ಊರು ಎಲ್ಲವೂ ಒಂದೇ. ಮನೆಗೆಲ್ಲ ಒಂದೇ ಫೋನ್ ಇದ್ದರೆ ಅದೂ ಸೇರಿ ತಪ್ಪಿಗೆ ಸಾಕ್ಷಿ ಹೇಳುತ್ತದೆ.

ಮೇಲಿನ ದಾಖಲೆಗಳಲ್ಲಿ ಪದಗಳ ಸ್ಥಾನವನ್ನು ಕಾಯ್ದುಕೊಂಡು ಹೋಲಿಸಿದರೆ 'ಆ' ಮತ್ತು 'ಇ' ಒಂದೆಡೆ, 'ಅ' ಮತ್ತು 'ಈ' ಇನ್ನೊಂದೆಡೆ ಸೇರುತ್ತವೆ. 'ಆ' ಮತ್ತು 'ಇ' ಒಬ್ಬನೇ ಎನ್ನಲು ಅಡ್ಡಿಯಿಲ್ಲ. ಕಾಗುಣಿತವೂ ಜಿಲ್ಲೆಯ ಹೆಸರೂ ವಿವರಿಸಬಹುದಾದ ಭೇದಗಳು. 'ಅ' ಮತ್ತು 'ಈ' ಖಾತೆಗಳ ನಡುವೆ ಮೂವತ್ತು ವರ್ಷಗಳ ಅಂತರವಿದೆ. ಹೆಸರಿನ ಹೋಲಿಕೆ ಪೂರ್ಣವಾಗಿದ್ದರೂ ಇದನ್ನು ಸ್ಕ್ರಿಪ್ಟ್ ತಾನಾಗಿ ಕೂಡಿಸಬಾರದು. ಕೂಡಿಸಿದರೆ ತೀರಿಹೋದ ಅಜ್ಜನ ಹಳೆಯ ಬಾಕಿ ಮೊಮ್ಮಗನ ಹೆಸರಿಗೆ ಬೀಳುತ್ತದೆ. ಅಂಗಡಿಕಾರನು ಅದನ್ನು ಗಣಕ ಹೇಳಿದ ಲೆಕ್ಕವೆಂದು ನಂಬಿ ವಸೂಲಿಗೆ ನಿಲ್ಲುತ್ತಾನೆ. ಜನ್ಮವರ್ಷದ ಅಂಕಣವೊಂದು ಪಟ್ಟಿಯಲ್ಲಿದ್ದರೆ ಈ ಪ್ರಶ್ನೆ ಅಲ್ಲಿಗೇ ತೀರುತ್ತಿತ್ತು. ಅದಿಲ್ಲದಿರುವಲ್ಲಿ ಖಾತೆ ತೆರೆದ ವರ್ಷಗಳ ಅಂತರ ಇಪ್ಪತ್ತನ್ನು ಮೀರಿದರೆ ಎಂಥ ಹೋಲಿಕೆಯಿದ್ದರೂ ಮನುಷ್ಯರ ಪರಿಶೀಲನೆಗೆ ಕಳಿಸಬೇಕೆಂಬ ನಿಯಮವನ್ನು ಇಟ್ಟುಕೊಳ್ಳುವುದು ಒಳಿತು.

ಹೆಸರುಗಳು ಹೊಂದಿಕೆಯಾದುದಕ್ಕೆ ಎಷ್ಟು ಬೆಲೆ ಕೊಡಬೇಕೆಂಬ ಪ್ರಶ್ನೆಯನ್ನು ಐವಾನ್ ಫೆಲೆಗಿ ಮತ್ತು ಅಲನ್ ಸಂಟರ್ 1969ರಲ್ಲಿ ಸಂಭಾವ್ಯತೆಯ ದೃಷ್ಟಿಯಿಂದ ವಿವೇಚಿಸಿದರು. ಅವರ ವಾದದ ಸಾರವನ್ನು ನಮ್ಮ ಸಂದರ್ಭಕ್ಕೆ ಹೀಗೆ ಹೇಳಬಹುದು: ಪಟ್ಟಿಯಲ್ಲಿ ನೂರಾರು ಬಸಪ್ಪರಿರುವಾಗ ಎರಡು ದಾಖಲೆಗಳಲ್ಲಿ 'ಬಸಪ್ಪ' ಎಂದಿರುವುದು ದುರ್ಬಲ ಸಾಕ್ಷ್ಯ. ಇಡೀ ಪಟ್ಟಿಯಲ್ಲಿ ಮೂರೇ ಕಡೆ ಬರುವ ಮನೆತನದ ಹೆಸರು ಎರಡರಲ್ಲಿಯೂ ಇದ್ದರೆ ಅದು ಬಲವಾದ ಸಾಕ್ಷ್ಯ. ಅವರೂ ಜೋಡಿಗಳನ್ನು ಎರಡಾಗಿ ವಿಂಗಡಿಸದೆ ಮೂರಾಗಿ ವಿಂಗಡಿಸಿದರು: ಒಂದೇ, ಬೇರೆ, ಮತ್ತು ನೋಡಿ ನಿರ್ಧರಿಸಬೇಕಾದವು. ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಈ ಮೂರನೆಯ ವರ್ಗ ಅಪರಿಚಿತವಲ್ಲ. ಪ್ರತಿಗಳ ಪಾಠಾಂತರಗಳಲ್ಲಿ ಯಾವುದು ಲಿಪಿಕಾರನ ಕೈತಪ್ಪು, ಯಾವುದು ನಿಜವಾಗಿಯೂ ಬೇರೆ ಪಾಠ ಎಂದು ನಿರ್ಣಯಿಸುವಾಗ ಅವರು ಎದುರಿಸುವ ಸಂದೇಹವೂ ಇದೇ ಬಗೆಯದು. ಸಂದೇಹವಿದ್ದಲ್ಲಿ ಎರಡು ಪಾಠಗಳನ್ನೂ ಅಡಿಯಲ್ಲಿ ದಾಖಲಿಸುವ ಅವರ ಶಿಸ್ತು ಇಲ್ಲಿಗೂ ಒಪ್ಪುತ್ತದೆ.

ಸ್ಕ್ರಿಪ್ಟ್ ಯಾವ ದಾಖಲೆಯನ್ನೂ ಅಳಿಸಬಾರದು, ಹೆಸರನ್ನು ತಿದ್ದಲೂಬಾರದು. ಪ್ರತಿ ದಾಖಲೆಯ ಪಕ್ಕದಲ್ಲಿ ಗುಂಪಿನ ಸಂಖ್ಯೆಯೊಂದನ್ನೂ, ಯಾವ ಕಾರಣದಿಂದ ಆ ಗುಂಪಿಗೆ ಸೇರಿತೆಂಬುದನ್ನೂ ಬರೆದಿಡಬೇಕು. ಗುಂಪುಗಳು ಸರಪಳಿಯಂತೆ ಬೆಳೆಯದಂತೆ ಎಚ್ಚರ ವಹಿಸುವುದೂ ಅವಶ್ಯ. ಮೊದಲನೆಯದು ಎರಡನೆಯದಕ್ಕೆ, ಎರಡನೆಯದು ಮೂರನೆಯದಕ್ಕೆ ಹತ್ತಿರವೆಂದು ಮೂರನ್ನೂ ಕೂಡಿಸಿದರೆ ಮೊದಲನೆಯದಕ್ಕೂ ಮೂರನೆಯದಕ್ಕೂ ಸಂಬಂಧವೇ ಇಲ್ಲದಿರಬಹುದು. ಗುಂಪಿನ ಪ್ರತಿಯೊಂದು ಜೋಡಿಯೂ ಗಡಿಯೊಳಗಿರಬೇಕೆಂದು ವಿಧಿಸಿದರೆ ಇದು ತಪ್ಪುತ್ತದೆ. ಐದಾರಕ್ಕಿಂತ ಹೆಚ್ಚು ದಾಖಲೆಗಳಿರುವ ಗುಂಪು ಕಂಡುಬಂದರೆ ಯಾವುದೋ ನಿಯಮ ಅತಿಯಾಗಿದೆ ಎಂದು ಶಂಕಿಸಬೇಕು. ನೋಡಿ ನಿರ್ಧರಿಸಬೇಕಾದ ಜೋಡಿಗಳನ್ನು ಮುದ್ರಿಸಿ ಆಯಾ ಶಾಖೆಗೆ ಕಳಿಸಿದರೆ, ಗಲ್ಲೆಯ ಮೇಲೆ ಹತ್ತಾರು ವರ್ಷ ಕುಳಿತವರು 'ಇವ ಹಳೇ ಬಸಯ್ಯ, ಇವ ಅವನ ಮೊಮ್ಮಗ' ಎಂದು ಒಂದು ಗೆರೆ ಎಳೆದು ಕೊಡಬಲ್ಲರು. ಆ ಗೆರೆಯನ್ನೂ ಪಟ್ಟಿಯಲ್ಲಿ ದಾಖಲಿಸಿಡಬೇಕು. ಇಲ್ಲವಾದರೆ ಮುಂದಿನ ವರ್ಷ ಸ್ಕ್ರಿಪ್ಟನ್ನು ಮತ್ತೆ ಓಡಿಸಿದಾಗ ಅದೇ ಅಜ್ಜ ಮೊಮ್ಮಕ್ಕಳು ಅದೇ ಪ್ರಶ್ನೆಯಾಗಿ ಮರಳಿ ಬರುತ್ತಾರೆ.